9,999 ರೂಪಾಯಿ ಪ್ಯಾಕೇಜ್ ತಗೊಳ್ಳಬೇಕಾ ಬೇಡ್ವಾ? ನಮ್ಮ ಕರಿಯನ ಒಂದು ವರ್ಷದ ಲೆಕ್ಕ ನೋಡಿ ಹೇಳಿ

ಕರಿಯನ ಮನೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಕರಿಯ ಇದ್ದಾನೆ. ಬೀದಿಯಿಂದ ತಂದ ನಾಟಿ ನಾಯಿ, ಈಗ ಮೂರು ವರ್ಷ. ಸಂತಾನಹರಣ ಆಪರೇಷನ್ ಆಗಿದೆ. ನಾವು ತೋರಿಸುವ ಕ್ಲಿನಿಕ್‌ನವರು ಈ ಸಲ ವರ್ಷದ ಪ್ಯಾಕೇಜ್ ಅಂತ ಶುರು ಮಾಡಿದ್ದಾರೆ. 9,999 ರೂಪಾಯಿ ಕಟ್ಟಿದರೆ ವರ್ಷವಿಡೀ ಎಷ್ಟು ಸಲ ತೋರಿಸಿದರೂ ಫೀಸ್ ಇಲ್ಲ. ಒಂದು ಸೆವೆನ್ ಇನ್ ಒನ್ ಇಂಜೆಕ್ಷನ್, ಒಂದು ರೇಬೀಸ್ ಇಂಜೆಕ್ಷನ್, ನಾಲ್ಕು ಸಲ ಹುಳದ ಮಾತ್ರೆ, ಎರಡು ಸ್ನಾನ, ಅವರ ಅಂಗಡಿಯಲ್ಲಿ ಫುಡ್ ತಗೊಂಡರೆ 10% ಕಡಿಮೆ.

ತಗೊಳ್ಳೋಣ ಅಂತ ನಮ್ಮ ಯಜಮಾನರು, ಲೆಕ್ಕ ಹಾಕದೆ ಬೇಡ ಅಂತ ನಾನು. ನಾನು ಬರೆದುಕೊಂಡಿದ್ದು ಇಷ್ಟು. ಡಾಗ್ ಫುಡ್ 10 ಕೆಜಿ ಚೀಲ 2,400 ರೂಪಾಯಿ, ತಿಂಗಳಿಗೊಂದು, ವರ್ಷಕ್ಕೆ 28,800. ಇಂಜೆಕ್ಷನ್ ಸೆವೆನ್ ಇನ್ ಒನ್ 800ರಂತೆ ಮೂರು, ರೇಬೀಸ್ 300ರಂತೆ ಎರಡು, ಒಟ್ಟು 3,000. ಡಾಕ್ಟರ್ ಫೀಸ್ 400, ಕಳೆದ ವರ್ಷ ಆರು ಸಲ ಹೋಗಿದ್ದೆವು, 2,400. ಹುಳದ ಮಾತ್ರೆ 480. ಒಟ್ಟು 34,680.

ಇದರಲ್ಲಿ ಏನಾದರೂ ಬಿಟ್ಟಿದ್ದೇನಾ? ಹಾಗೇ ಪ್ಯಾಕೇಜ್ ತಗೊಂಡರೆ ಎಷ್ಟು ಉಳಿಯುತ್ತದೆ?

ಪಪ್ಪಿ ಬೇಕು

ನಾವೂ ಒಂದು ಮರಿ ತರೋಣ ಅಂತ ಇದ್ದೇವೆ. ಶಿಟ್ಜು ಒಳ್ಳೆಯದಾ ಬೀಗಲ್ ಒಳ್ಳೆಯದಾ? ಫ್ಲಾಟ್‌ನಲ್ಲಿ ಇರುವುದು. ಖರ್ಚು ಯಾವುದಕ್ಕೆ ಕಮ್ಮಿ?

ತುಮಕೂರು ಎಕ್ಸ್‌ಪ್ರೆಸ್

ಕರಿಯನ ಮನೆಯವರೇ, ಇಷ್ಟೆಲ್ಲ ಯಾಕೆ ಖರ್ಚು ಮಾಡುತ್ತೀರಿ? ನಮ್ಮ ಊರಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಫೀಸ್ ಅಂತ ಕೊಡುವುದು ಚಿಲ್ಲರೆ ಕಾಸು. ಸೆಪ್ಟೆಂಬರ್ 28ಕ್ಕೆ ರೇಬೀಸ್ ದಿನ ಅಂತ ಕ್ಯಾಂಪ್ ಇಟ್ಟಾಗ ಇಂಜೆಕ್ಷನ್ ಪುಕ್ಕಟೆ. ನನ್ನ ಎರಡು ನಾಯಿಗೂ ಸೇರಿ ಡಾಕ್ಟರ್ ಖರ್ಚು ವರ್ಷಕ್ಕೆ 500 ದಾಟಿಲ್ಲ. ಪ್ಯಾಕೇಜ್ ಎಲ್ಲ ಪೇಟೆಯವರ ಶೋಕಿ.

ಹಳೆ ಕಾಂಪೌಂಡರ್

ನಾನು ನಾಯಿ ಕ್ಲಿನಿಕ್ ಒಂದರಲ್ಲಿ ಹನ್ನೊಂದು ವರ್ಷ ಔಷಧಿ ಕೌಂಟರ್ ನೋಡಿಕೊಂಡವನು. ಡಾಕ್ಟರ್ ಅಲ್ಲ, ಬಿಲ್ ಮಾತ್ರ ಸಾವಿರಾರು ನೋಡಿದ್ದೇನೆ.

ಅಮ್ಮ, ನಿಮ್ಮ ಲೆಕ್ಕದಲ್ಲಿ ಮೂರು ಕಡೆ ಎಡವಟ್ಟಾಗಿದೆ.

ಮೊದಲನೆಯದು ಇಂಜೆಕ್ಷನ್. ಮೂರು ಸೆವೆನ್ ಇನ್ ಒನ್, ಎರಡು ರೇಬೀಸ್ ಅನ್ನುವುದು ಮರಿಯ ಮೊದಲ ವರ್ಷದ ಲೆಕ್ಕ. ಹಳೇ ಕಾರ್ಡ್ ನೋಡಿ ಬರೆದಿದ್ದೀರಿ ಅನಿಸುತ್ತದೆ. ಮರಿಗೆ ತಾಯಿಯ ಹಾಲಿನಿಂದ ಬಂದ ರಕ್ಷಣೆ ಇರುವವರೆಗೆ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ. ಅದು ಯಾವ ವಾರ ಇಳಿಯುತ್ತದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ ಆರೆಂಟು ವಾರದಿಂದ ಹದಿನಾರು ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಹಾಕುತ್ತಾ ಹೋಗುತ್ತಾರೆ. ಮೂರು ವರ್ಷದ ಕರಿಯನಿಗೆ ವರ್ಷಕ್ಕೆ ಒಂದೊಂದು ಸಾಕು. ಅಂದರೆ 800 ಮತ್ತು 300, ಒಟ್ಟು 1,100.

ಎರಡನೆಯದು, ಉಣ್ಣೆ ಔಷಧಿಯ ಸುದ್ದಿಯೇ ಇಲ್ಲ! ಮೈಸೂರಿನಲ್ಲಿ ಉಣ್ಣೆ ಇಲ್ಲದ ನಾಯಿ ಇದೆಯಾ? ಏನು ಕೊಡುತ್ತಿದ್ದೀರಿ ಹೇಳಿ.

ಮೂರನೆಯದು ಚೀಲ. 10 ಕೆಜಿ ಮೂವತ್ತು ದಿನಕ್ಕೆ ಖಾಲಿ ಅಂದರೆ ದಿನಕ್ಕೆ 333 ಗ್ರಾಂ. ನಿಮ್ಮ ಕರಿಯನ ತೂಕ ಎಷ್ಟು?

ಕರಿಯನ ಮನೆ (ಮೈಸೂರು)

ಅಯ್ಯೋ ಹೌದು, ಮರಿ ಕಾರ್ಡೇ ನೋಡಿ ಬರೆದಿದ್ದು. ತೂಕ 18 ಕೆಜಿ. ಕಳೆದ ವರ್ಷ ಆಪರೇಷನ್ ಆದಾಗ ನೋಡಿದ್ದು. ಉಣ್ಣೆಗೆ ಕ್ಲಿನಿಕ್‌ನಲ್ಲಿ ಕೊಟ್ಟ ಅಗಿಯುವ ಮಾತ್ರೆ, ಮೂರು ತಿಂಗಳಿಗೆ ಒಂದು ಅಂತಾರಲ್ಲ, ಅದು. 1,900 ರೂಪಾಯಿ. ಒಂದೇ ಸಲ ಕೊಟ್ಟಿದ್ದು, ಎರಡು ತಿಂಗಳಿಗೇ ಮತ್ತೆ ಉಣ್ಣೆ ಬಂತು. ದುಡ್ಡು ದಂಡ ಅಂತ ಬಿಟ್ಟುಬಿಟ್ಟೆ.

ಹಳೆ ಕಾಂಪೌಂಡರ್

ನಾಳೆ ಒಂದು ಸಲ ತೂಕ ಹಾಕಿ. ಮನೆ ತೂಕದ ಮೆಷಿನ್ ಮೇಲೆ ನೀವು ಒಬ್ಬರೇ ನಿಂತು, ಆಮೇಲೆ ಅವನನ್ನು ಎತ್ತಿಕೊಂಡು ನಿಂತು ಕಳೆದರೆ ಆಯ್ತು. ಮಾತ್ರೆಯ ಡಬ್ಬಿ ಇದ್ದರೆ ಅದರ ಮೇಲೆ ಎಷ್ಟು ಕೆಜಿಯದು ಅಂತ ಬರೆದಿದೆ ಅದನ್ನೂ ನೋಡಿ.

ತುಮಕೂರಿನವರಿಗೆ ಒಂದು ಮಾತು. ಸರ್ಕಾರಿ ಆಸ್ಪತ್ರೆ ಬಗ್ಗೆ ನೀವು ಹೇಳಿದ್ದು ನಿಜ. ರೇಬೀಸ್‌ಗೆ, ಗಾಯಕ್ಕೆ, ಸಣ್ಣಪುಟ್ಟದಕ್ಕೆ ಅದು ಚೆನ್ನಾಗಿದೆ. ಆದರೆ ಸೆವೆನ್ ಇನ್ ಒನ್ ಅಲ್ಲಿ ಸಿಗುತ್ತದಾ, ಹೊರಗಿಂದ ತರಿಸುತ್ತಾರಾ?

ತುಮಕೂರು ಎಕ್ಸ್‌ಪ್ರೆಸ್

ಹೊರಗಿಂದ ತರಬೇಕು. ಮೆಡಿಕಲ್‌ನಲ್ಲಿ ತಗೊಂಡು ಜೇಬಲ್ಲಿ ಹಾಕಿಕೊಂಡು ಹೋಗುತ್ತೇನೆ. ಅದರ ದುಡ್ಡು 500ರಲ್ಲಿ ಸೇರಿಲ್ಲ, ಒಪ್ಪಿದೆ. 😄

ಹಳೆ ಕಾಂಪೌಂಡರ್

ಜೇಬಲ್ಲಿ ಬೇಡ ಮಾರಾಯ್ರೇ. ಆ ಔಷಧಿ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಬಿಸಿಲಲ್ಲಿ ಕೆಟ್ಟರೂ ಬಾಟಲಿ ನೋಡಿದರೆ ಗೊತ್ತಾಗುವುದಿಲ್ಲ, ಬಣ್ಣವೂ ಬದಲಾಗುವುದಿಲ್ಲ. ಪಾರ್ವೊ ಕಾಯಿಲೆ ಬಂದ ಮೇಲೇ ಗೊತ್ತಾಗುವುದು. ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ತಗೊಂಡು ಹೋಗಿ. ಅದಕ್ಕಿಂತ ಫ್ರಿಜ್‌ನಲ್ಲಿ ಇಟ್ಟಿರುವ ಕಡೆಯೇ ಹಾಕಿಸಿ, ಬಾಟಲಿಯ ಸ್ಟಿಕ್ಕರ್ ಕಾರ್ಡಿಗೆ ಅಂಟಿಸಿಕೊಂಡು ಬರುವುದು ವಾಸಿ.

ಕರಿಯನ ಮನೆ (ಮೈಸೂರು)

ತೂಕ 21! ಮೂರು ಸಲ ಹಾಕಿ ನೋಡಿದೆವು. ಡಬ್ಬಿ ಮೇಲೆ 10–20 ಕೆಜಿ ಅಂತ ಇದೆ. ಹಾಗಾದರೆ ನಾನೇ ತಪ್ಪು ಮಾಡಿದ್ದಾ? ತೂಕ ಕೇಳಿದಾಗ 18 ಅಂದಿದ್ದು ನಾನೇ.

ಹಳೆ ಕಾಂಪೌಂಡರ್

ಇಲ್ಲೇ ಇರುವುದು ವಿಷಯ. ಈ ಮಾತ್ರೆ 20 ಕೆಜಿ ದಾಟಿದರೆ ಮುಂದಿನ ಡಬ್ಬಿ, 20–40ರದು ಕೊಡಬೇಕು. ಚಿಕ್ಕದು ಕೊಟ್ಟಾಗ ರಕ್ತದಲ್ಲಿ ಔಷಧಿ ಬೇಗ ಇಳಿದು, ಹನ್ನೆರಡು ವಾರ ಬರಬೇಕಾದ್ದು ಅಷ್ಟು ಬರದೆ ಹೋಗಬಹುದು. ಖಾಲಿ ಹೊಟ್ಟೆಗೆ ಕೊಟ್ಟಿದ್ದರೂ ಹಾಗೇ, ಊಟದ ಜೊತೆ ಕೊಟ್ಟರೇ ಅದು ಚೆನ್ನಾಗಿ ಹಿಡಿಯುವುದು. ಇನ್ನೊಂದು, ಮಾತ್ರೆ ಕೊಟ್ಟರೂ ಉಣ್ಣೆ ಮೈ ಹತ್ತುತ್ತದೆ, ಕಚ್ಚಿದ ಮೇಲೆ ಸಾಯುತ್ತದೆ. ನೀವು ಕಂಡದ್ದು ಸತ್ತ ಉಣ್ಣೆಯೋ ರಕ್ತ ಕುಡಿದು ಊದಿದ್ದೋ ನೆನಪಿದೆಯಾ? ಊದಿದ್ದು ಕಂಡರೆ ಮಾತ್ರ ಔಷಧಿ ಮುಗಿದಿದೆ ಅಂತ ಅನುಮಾನ ಪಡಬೇಕು.

ಹಿಂದೆ ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಈ ಜಾತಿಯ ಮಾತ್ರೆ ಕೊಡುವ ಮೊದಲು ಡಾಕ್ಟರಿಗೆ ಹೇಳಲೇಬೇಕು.

ಖರ್ಚಿಗೆ ಬಂದರೆ, ದೊಡ್ಡ ಡಬ್ಬಿ 2,100 ಅಂತ ಇಟ್ಟುಕೊಳ್ಳಿ. ಹನ್ನೆರಡು ವಾರಕ್ಕೊಂದು ಅಂದರೆ ವರ್ಷಕ್ಕೆ ನಾಲ್ಕಲ್ಲ, ನಾಲ್ಕೂ ಕಾಲು ಚಿಲ್ಲರೆ. ಸುಮಾರು 9,100 ರೂಪಾಯಿ. ನೀವು ಬರೆಯದೆ ಬಿಟ್ಟಿದ್ದು ಇಂಜೆಕ್ಷನ್ ಖರ್ಚಿನ ಎಂಟು ಪಟ್ಟು ದೊಡ್ಡದು ನೋಡಿ.

ಸಾಗರದ ಮಳೆ

ನಮ್ಮ ಕಡೆ ಉಣ್ಣೆಗೆ ಉಣುಗು ಅಂತೇವೆ. ಬೇಸಿಗೆ ಮೂರು ತಿಂಗಳು ಔಷಧಿ ಹಾಕಿದರೆ ಸಾಕು, ಮಳೆಗಾಲದಲ್ಲಿ ಸುಮ್ನೆ ದುಡ್ಡು ಖರ್ಚು. ನಾವು ತೋಟದ ನಾಯಿಗೆ ಹಾಗೇ ಮಾಡುವುದು.

ಲ್ಯಾಬ್ ರಾಣಿ

ಸಾಗರದವರೇ, ತೋಟದ ಮಾತು ನನಗೆ ಗೊತ್ತಿಲ್ಲ. ನಮ್ಮದು ಬೆಂಗಳೂರು. ನಾನೂ ಹಾಗೇ ಅಂದುಕೊಂಡು ಮೇ ಮುಗಿದ ಮೇಲೆ ನಿಲ್ಲಿಸಿದ್ದೆ. ನಾಯಿಗಳ ಕಂದು ಉಣ್ಣೆ ಮನೆಯ ಗೋಡೆ ಬಿರುಕಲ್ಲಿ, ಸೋಫಾ ಹಿಂದೆ ಸೇರಿಕೊಂಡು ವರ್ಷವಿಡೀ ಇರುತ್ತದಂತೆ. ಸೆಪ್ಟೆಂಬರ್‌ನಲ್ಲಿ ನಮ್ಮ ಹುಡುಗಿ ಊಟ ಬಿಟ್ಟಳು. ಜ್ವರ, ಒಸಡು ಬೆಳ್ಳಗೆ, ಹೊಟ್ಟೆ ಮೇಲೆ ಸಣ್ಣ ಕೆಂಪು ಚುಕ್ಕೆ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಪಾತಾಳಕ್ಕೆ ಹೋಗಿತ್ತು. ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್.

ನಾಲ್ಕು ವಾರ ಡಾಕ್ಸಿಸೈಕ್ಲಿನ್, ಮೂರು ದಿನ ಡ್ರಿಪ್, ಮತ್ತೆ ಎರಡು ಸಲ ರಕ್ತ ಪರೀಕ್ಷೆ. ಒಟ್ಟು 9,200 ಆಯ್ತು. ಮಾತ್ರೆ ನಿಲ್ಲಿಸಿ ನಾನು ಉಳಿಸಿದ್ದು 2,300.

ಸಾಗರದ ಮಳೆ

ಪಾಪ. ಈಗ ಹೇಗಿದ್ದಾಳೆ? ಮನೆ ಒಳಗೆ ಸಾಕುವ ನಾಯಿಗೆ ನಿಮ್ಮ ಮಾತು ಸರಿ ಇರಬಹುದು. ಹೊರಗೆ ಮಳೆಯಲ್ಲೇ ಇರುವ ನಾಯಿಗೆ ನನ್ನ ಅನುಭವ ಬೇರೆ.

ಲ್ಯಾಬ್ ರಾಣಿ

ಆರಾಮಾಗಿದ್ದಾಳೆ, ಈಗ ಚಪ್ಪಲಿ ಕಡಿಯುತ್ತಾ ಕೂತಿದ್ದಾಳೆ.

ಹಳೆ ಕಾಂಪೌಂಡರ್

ರಾಣಿಯವರ ಬಿಲ್ ಒಳ್ಳೆಯ ಉದಾಹರಣೆ. ಅದನ್ನು ಪ್ಯಾಕೇಜ್ ವಿಷಯಕ್ಕೆ ಆಮೇಲೆ ಬಳಸಿಕೊಳ್ಳುತ್ತೇನೆ. ಮೊದಲು ಊಟ ಮುಗಿಸೋಣ, ದೊಡ್ಡ ದುಡ್ಡು ಇರುವುದೇ ಅಲ್ಲಿ.

ಕರಿಯ 18 ಕೆಜಿ ಇರಬೇಕಾದವನು 21 ಆಗಿದ್ದಾನೆ. ಪಕ್ಕೆಲುಬಿನ ಮೇಲೆ ಕೈ ಆಡಿಸಿ, ಒತ್ತದೆ ಎಲುಬು ಎಣಿಸಲು ಸಿಗುತ್ತದಾ ನೋಡಿ. ಸಿಗದಿದ್ದರೆ ಆ ಮೂರು ಕೆಜಿ ಕೊಬ್ಬು. ಆಪರೇಷನ್ ಆದ ಮೇಲೆ ಹಸಿವು ಜಾಸ್ತಿ, ಬೇಕಾದ ಶಕ್ತಿ ಕಮ್ಮಿ. ಹಾಗಾಗಿ ಊಟವನ್ನು 18ಕ್ಕೆ ಲೆಕ್ಕ ಹಾಕಬೇಕು, ಔಷಧಿಯನ್ನು ಮಾತ್ರ ಇವತ್ತಿನ ತೂಕ 21ಕ್ಕೆ.

ನಮ್ಮ ಡಾಕ್ಟರು ಹೇಳಿಕೊಟ್ಟ ಲೆಕ್ಕ ಹೀಗೆ. ತೂಕವನ್ನು ಅದರಿಂದಲೇ ಎರಡು ಸಲ ಗುಣಿಸಿ, ಆಮೇಲೆ ಎರಡು ಸಲ ವರ್ಗಮೂಲ ಒತ್ತಿ. 18 × 18 × 18 ಅಂದರೆ 5832. ಒಂದು ಸಲ ಒತ್ತಿದರೆ 76.4, ಇನ್ನೊಂದು ಸಲ 8.74. ಅದನ್ನು 70ರಿಂದ ಗುಣಿಸಿದರೆ 612. ಸುಮ್ಮನೆ ಮಲಗಿದ್ದರೂ ಬೇಕಾದ ಕ್ಯಾಲೊರಿ ಅದು. ಆಪರೇಷನ್ ಆದ ಬೆಳೆದ ನಾಯಿಗೆ ಅದರ 1.6 ಪಟ್ಟು, ಅಂದರೆ ದಿನಕ್ಕೆ ಸುಮಾರು 980.

ಈಗ ಚೀಲದ ಹಿಂದೆ ನೋಡಿ, 100 ಗ್ರಾಂಗೆ ಎಷ್ಟು ಕ್ಯಾಲೊರಿ ಅಂತ ಇರುತ್ತದೆ.

ಕರಿಯನ ಮನೆ (ಮೈಸೂರು)

340 ಅಂತ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರ!

ಹಳೆ ಕಾಂಪೌಂಡರ್

ಹಾಗಾದರೆ 980ನ್ನು 3.4ರಿಂದ ಭಾಗಿಸಿದರೆ 288 ಗ್ರಾಂ. ನೀವು ಹಾಕುತ್ತಿರುವುದು 333, ಜೊತೆಗೆ ಬಿಸ್ಕತ್ತು, ಯಜಮಾನರ ತಟ್ಟೆಯಿಂದ ಚಪಾತಿ ಬೇರೆ ಇರಬೇಕು. ವರ್ಷಕ್ಕೆ 105 ಕೆಜಿ ಸಾಕು, ಕೆಜಿಗೆ 240 ಅಂದರೆ 25,200. ನೀವು ಬರೆದಿದ್ದಕ್ಕಿಂತ 3,600 ಕಡಿಮೆ. ಲೋಟದಲ್ಲಿ ಅಳೆಯಬೇಡಿ, ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಒಂದೇ ದಿನ ಇಳಿಸಬೇಡಿ, ವಾರ ಹತ್ತು ದಿನದಲ್ಲಿ ನಿಧಾನವಾಗಿ ಇಳಿಸಿ. 1.6 ಅನ್ನುವುದು ಸರಾಸರಿ ಅಷ್ಟೇ, ಒಂದೊಂದು ನಾಯಿ ಒಂದೊಂದು ಥರ. ಹದಿನೈದು ದಿನಕ್ಕೊಮ್ಮೆ ತೂಕ ನೋಡುತ್ತಾ ಹೋಗಿ. ಎರಡು ತಿಂಗಳಾದರೂ ಇಳಿಯದಿದ್ದರೆ ಡಾಕ್ಟರನ್ನು ಕೇಳಿ.

ಲ್ಯಾಬ್ ರಾಣಿ

ಅಣ್ಣ, ದುಬಾರಿ ಫುಡ್ ಕಮ್ಮಿ ಹಾಕಿದರೆ ಸಾಕು, ಕೊನೆಗೆ ಖರ್ಚು ಒಂದೇ ಅಂತ ಅಂಗಡಿಯವರು ಹೇಳುತ್ತಾರಲ್ಲ. ನಿಜಾನಾ?

ಹಳೆ ಕಾಂಪೌಂಡರ್

ಸ್ವಲ್ಪ ನಿಜ. ಕೆಜಿ ಬೆಲೆ ನೋಡಿದರೆ ಮೋಸ ಹೋಗುತ್ತೇವೆ, ಕ್ಯಾಲೊರಿ ಬೆಲೆ ನೋಡಬೇಕು. ಕೆಜಿಗೆ 620ರ ಫುಡ್, 100 ಗ್ರಾಂಗೆ 400 ಕ್ಯಾಲೊರಿ ಅಂತ ಇಟ್ಟುಕೊಳ್ಳಿ. ಕರಿಯನಿಗೆ 245 ಗ್ರಾಂ ಸಾಕು. ಆದರೂ ದಿನಕ್ಕೆ 152 ರೂಪಾಯಿ. ಈಗಿನದು 69. ಕಡಿಮೆ ಹಾಕಬಹುದು ಅನ್ನುವುದು ಸರಿ, ಖರ್ಚು ಒಂದೇ ಅನ್ನುವುದು ವ್ಯಾಪಾರ.

ಮುದ್ದೆ ಮಂಡ್ಯ

ಇದೆಲ್ಲ ಓದಿ ತಲೆ ಸುತ್ತುತ್ತಿದೆ. ನಮ್ಮ ನಾಯಿಗೆ ರಾಗಿ ಮುದ್ದೆ, ಕೋಳಿ ಬೇಯಿಸಿದ ನೀರು, ಅಷ್ಟೇ. ರಾಗಿಯಲ್ಲಿ ಇರುವಷ್ಟು ಕ್ಯಾಲ್ಸಿಯಂ ಯಾವ ಧಾನ್ಯದಲ್ಲೂ ಇಲ್ಲ. ಹನ್ನೆರಡು ವರ್ಷ ಬದುಕಿತ್ತು ಹಳೇದು.

ಹಳೆ ಕಾಂಪೌಂಡರ್

ಧಾನ್ಯಗಳಲ್ಲಿ ರಾಗಿಯೇ ಮೇಲು, ಅದು ಸುಳ್ಳಲ್ಲ. 100 ಗ್ರಾಂಗೆ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ. ಅಕ್ಕಿಯಲ್ಲಿ ಹೆಸರಿಗೆ ಮಾತ್ರ. ಆದರೆ ಕರಿಯನಷ್ಟು ನಾಯಿಗೆ ದಿನಕ್ಕೆ ಸುಮಾರು ಒಂದು ಗ್ರಾಂ ಬೇಕು. 150 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ಅರ್ಧ ಸಿಗುತ್ತದೆ, ಅದೂ ಎಲ್ಲ ಮೈಗೆ ಹತ್ತುವುದಿಲ್ಲ. ಜೊತೆಗೆ ಬೇಯಿಸಿದ ನೀರಲ್ಲಿ ಪ್ರೋಟೀನ್ ಅಷ್ಟಾಗಿ ಇಲ್ಲ, ಮಾಂಸವನ್ನೇ ಹಾಕಬೇಕು. ನಿಮ್ಮ ನಾಯಿ ಊರೆಲ್ಲ ಓಡಾಡಿ ಎಲುಬು ಕಡಿದು ಬರುತ್ತಿತ್ತಲ್ವಾ? ಬಾಕಿ ಕ್ಯಾಲ್ಸಿಯಂ ಅಲ್ಲಿಂದ.

ಮುದ್ದೆ ಮಂಡ್ಯ

ಅದು ಹೌದು. ಹೋಟೆಲ್ ಹಿಂದೆ ಅದಕ್ಕೆ ಖಾಯಂ ಜಾಗ ಇತ್ತು.

ಕರಿಯನ ಮನೆ (ಮೈಸೂರು)

ಮನೆ ಅಡುಗೆ ಹಾಕಿದರೆ ಅಗ್ಗ ಅಲ್ವಾ ಅಣ್ಣ? ಅದನ್ನೂ ಕೇಳಬೇಕು ಅಂತಿದ್ದೆ.

ಹಳೆ ಕಾಂಪೌಂಡರ್

ಜನ ಅಂದುಕೊಂಡಷ್ಟು ಅಗ್ಗ ಅಲ್ಲ. 150 ಗ್ರಾಂ ಅಕ್ಕಿ, ಚರ್ಮ ಸಮೇತ 200 ಗ್ರಾಂ ಕೋಳಿ, ಒಂದು ಹಿಡಿ ಸಿಹಿಗುಂಬಳ ಹಾಕಿದರೆ ಹತ್ತಿರ ಹತ್ತಿರ 980 ಕ್ಯಾಲೊರಿ ಆಗುತ್ತದೆ. ಕೋಳಿ ಕೆಜಿಗೆ 220 ಅಂದರೆ 44 ರೂಪಾಯಿ, ಅಕ್ಕಿ ಏಳೂವರೆ, ತರಕಾರಿ ಗ್ಯಾಸ್ ಸೇರಿ ಹತ್ತು. ದಿನಕ್ಕೆ 61–62. ವರ್ಷಕ್ಕೆ 22,500. ಚೀಲದ ಊಟಕ್ಕಿಂತ ಉಳಿಯುವುದು 2,700. ಅದರಲ್ಲೂ ಕ್ಯಾಲ್ಸಿಯಂ ಬೇರೆ ಸೇರಿಸಬೇಕು. ನುಣ್ಣಗೆ ಪುಡಿ ಮಾಡಿದ ಮೊಟ್ಟೆ ಚಿಪ್ಪು ಅರ್ಧ ಚಮಚದಲ್ಲಿ ಒಂದು ಗ್ರಾಂ ಹತ್ತಿರ ಇರುತ್ತದೆ. ಆದರೆ ಸತು, ಅಯೋಡಿನ್, ವಿಟಮಿನ್ ಡಿ ಅದರಿಂದ ಬರುವುದಿಲ್ಲ. ತಿಂಗಳುಗಟ್ಟಲೆ ಮನೆ ಅಡುಗೆಯೇ ಅಂದರೆ ಡಾಕ್ಟರ್ ಬರೆದುಕೊಟ್ಟ ಪುಡಿ ಬೇಕು, ಅದರ ಖರ್ಚು ಸೇರಿದರೆ ಎರಡೂ ಒಂದೇ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ಮಾತ್ರ ಬೇಡವೇ ಬೇಡ.

ತುಮಕೂರು ಎಕ್ಸ್‌ಪ್ರೆಸ್

ಒಂದು ಪ್ರಶ್ನೆ. ಸೆವೆನ್ ಇನ್ ಒನ್ ಮೂರು ವರ್ಷಕ್ಕೊಮ್ಮೆ ಸಾಕು, ಪ್ರತಿ ವರ್ಷ ಹಾಕುವುದು ಕ್ಲಿನಿಕ್‌ನವರ ದಂಧೆ ಅಂತ ಎಲ್ಲೋ ಓದಿದ್ದೆ.

ಹಳೆ ಕಾಂಪೌಂಡರ್

ಅರ್ಧ ಓದಿದ್ದೀರಿ. ಡಿಸ್ಟೆಂಪರ್, ಪಾರ್ವೊ, ಅಡಿನೊ ಈ ಮೂರಕ್ಕೆ ಮರಿಯಲ್ಲಿ ಸರಿಯಾಗಿ ಹಾಕಿಸಿ, ವರ್ಷ ತುಂಬುವ ಹೊತ್ತಿಗೆ ಬೂಸ್ಟರ್ ಆಗಿದ್ದರೆ ಮೂರು ವರ್ಷಕ್ಕೊಮ್ಮೆ ಸಾಕು ಅಂತ ಪ್ರಪಂಚದ ಪಶುವೈದ್ಯರ ಸಂಘವೇ ಹೇಳುತ್ತದೆ. ಆದರೆ ಅದೇ ಬಾಟಲಿಯಲ್ಲಿ ಲೆಪ್ಟೊ, ಅಂದರೆ ಇಲಿ ಜ್ವರದ್ದೂ ಇರುತ್ತದೆ. ಅದರ ರಕ್ಷಣೆ ವರ್ಷಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ. ಲೆಪ್ಟೊ ಮತ್ತು ರೇಬೀಸ್ ಮಾತ್ರ ಸೇರಿದ ಇಂಜೆಕ್ಷನ್ ಬರುತ್ತದೆ, ಡಾಕ್ಟರ್ ಹತ್ತಿರ ಮಾತಾಡಿ ಮಧ್ಯದ ವರ್ಷಗಳಲ್ಲಿ ಅದನ್ನು ಹಾಕಿಸಬಹುದು. ಉಳಿಯುವುದು ಐನೂರು ಆರುನೂರು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ರೇಬೀಸ್ ಮಾತ್ರ ಪ್ರತಿ ವರ್ಷ ಹಾಕಿಸಿ, ಅದರಲ್ಲಿ ಚೌಕಾಸಿ ಬೇಡ.

ಈಗ ಪ್ಯಾಕೇಜ್. ಅದರಲ್ಲಿ ಕರಿಯ ನಿಜವಾಗಿ ಬಳಸುವುದು ಎರಡು ಇಂಜೆಕ್ಷನ್ 1,100, ಹುಳದ ಮಾತ್ರೆ 480. ಒಟ್ಟು 1,580. ಸ್ನಾನ ಮನೆಯಲ್ಲೇ ಮಾಡಿಸುತ್ತೀರಾ?

ಕರಿಯನ ಮನೆ (ಮೈಸೂರು)

ಹ್ಞೂಂ, ಹಿತ್ತಲಲ್ಲಿ ಪೈಪ್ ಹಿಡಿದು. ಫುಡ್ ಕೂಡ ಆನ್‌ಲೈನ್‌ನಲ್ಲಿ ತರಿಸುವುದು, 2,400 ಅನ್ನುವುದು ಅಲ್ಲಿಯ ಬೆಲೆ. ಕ್ಲಿನಿಕ್ ಅಂಗಡಿಯಲ್ಲಿ ಅದೇ ಚೀಲ 2,650.

ಹಳೆ ಕಾಂಪೌಂಡರ್

ಸರಿ, ಸ್ನಾನಕ್ಕೆ ಸೊನ್ನೆ. 2,650ರಲ್ಲಿ 10% ಕಳೆದರೆ 2,385. ಚೀಲಕ್ಕೆ 15 ರೂಪಾಯಿ ಉಳಿಯುತ್ತದೆ, ವರ್ಷಕ್ಕೆ ಹತ್ತೂವರೆ ಚೀಲ, 160 ರೂಪಾಯಿ. ಅದೂ ಇರಲಿ ಬಿಡಿ.

9,999ರಲ್ಲಿ 1,580, 160 ಎರಡೂ ಕಳೆದರೆ 8,259 ಉಳಿಯಿತು. ಫೀಸ್ 400. ಅಂದರೆ ವರ್ಷಕ್ಕೆ ಇಪ್ಪತ್ತೊಂದು ಸಲ ಡಾಕ್ಟರ್ ಹತ್ತಿರ ಹೋದರೆ ಸರಿಸಮ. ನೀವು ಹೋದದ್ದು ಆರು ಸಲ.

ಕಾಯಿಲೆ ಬಂದರೆ ಅನುಕೂಲ ಅಲ್ವಾ ಅಂತ ಯಜಮಾನರು ಕೇಳಬಹುದು. ರಾಣಿಯವರ ಬಿಲ್ ತೋರಿಸಿ. 9,200ರಲ್ಲಿ ಫೀಸ್ ಎಷ್ಟಿತ್ತಮ್ಮ?

ಲ್ಯಾಬ್ ರಾಣಿ

ಚೀಟಿ ತೆಗೆದು ನೋಡಿದೆ. ಐದು ಸಲ ಹೋಗಿದ್ದು, ಅಲ್ಲೂ 400ರಂತೆ 2,000. ಬಾಕಿ ಎಲ್ಲ ರಕ್ತ ಪರೀಕ್ಷೆ, ಡ್ರಿಪ್, ಮಾತ್ರೆ.

ಹಳೆ ಕಾಂಪೌಂಡರ್

ಅಷ್ಟೇ. ಇಂಥ ಪ್ಯಾಕೇಜ್‌ಗಳು ಫೀಸ್ ಮಾಫಿ ಮಾಡುತ್ತವೆ, ಫೀಸ್ ಯಾವತ್ತೂ ದೊಡ್ಡ ಖರ್ಚಲ್ಲ. ಕರಿಯನಿಗೂ ಹಾಗೇ ಜ್ವರ ಬಂದಿದ್ದರೆ ಒಟ್ಟು ಹನ್ನೊಂದು ಸಲ ಆಗುತ್ತಿತ್ತು, ಆಗಲೂ ನಷ್ಟವೇ.

ತಿದ್ದಿದ ಲೆಕ್ಕ: ಊಟ 25,200, ಉಣ್ಣೆ ಔಷಧಿ 9,100, ಫೀಸ್ 2,400, ಇಂಜೆಕ್ಷನ್ 1,100, ಹುಳದ ಮಾತ್ರೆ 480. ಒಟ್ಟು 38,280. ಕಾಯಿಲೆ ಬಿದ್ದರೆ ಬೇಕಾಗುವ ದುಡ್ಡು ಇದರಲ್ಲಿ ಇಲ್ಲ.

ಲ್ಯಾಬ್ ರಾಣಿ

ನನ್ನದು ಉಲ್ಟಾ ಅಣ್ಣ. ನಮ್ಮ ಹುಡುಗಿಗೆ ಕಿವಿ ಸೋಂಕು ಮತ್ತೆ ಮತ್ತೆ ಬರುತ್ತದೆ, ಚರ್ಮದ ಅಲರ್ಜಿ ಬೇರೆ. ಕಳೆದ ವರ್ಷ ಟಿಕ್ ಫೀವರ್ ಸೇರಿ ಇಪ್ಪತ್ತಾರು ಸಲ ಹೋಗಿದ್ದೇವೆ. ಸ್ನಾನವೂ ಅಲ್ಲೇ. ನನಗೆ ಇಂಥದ್ದು ಲಾಭ ಅನಿಸುತ್ತದೆ.

ಹಳೆ ಕಾಂಪೌಂಡರ್

ನಿಮಗೆ ಲಾಭವೇ. ಮೂರು ನಾಲ್ಕು ದಿನದೊಳಗಿನ ಮರು ಭೇಟಿಗೆ ಅವರು ಮೊದಲೇ ಫೀಸ್ ತಗೊಳ್ಳುತ್ತಿರಲಿಲ್ಲವಾ ಅಂತ ಮಾತ್ರ ನೋಡಿಕೊಳ್ಳಿ. ಪುಕ್ಕಟೆ ಇದ್ದದ್ದನ್ನು ಲೆಕ್ಕಕ್ಕೆ ಸೇರಿಸಬಾರದು.

ಸಾಗರದ ಮಳೆ

ಕಾಯಿಲೆ ದುಡ್ಡಿನ ಮಾತು ಬಂತಲ್ಲ. ನಮ್ಮ ಅಣ್ಣನ ನಾಯಿ ಮಾವಿನ ಓಟೆ ನುಂಗಿ ಕರುಳಲ್ಲಿ ಸಿಕ್ಕಿಕೊಂಡಿತ್ತು. ನಾಲ್ಕು ದಿನ ವಾಂತಿ, ಆಮೇಲೆ ಸ್ಕ್ಯಾನ್, ಆಪರೇಷನ್. 38,000. ಇಡೀ ವರ್ಷದ ಖರ್ಚು ಒಂದೇ ಹಣ್ಣಿಗೆ ಹೋಯ್ತು. ಇನ್ಶೂರೆನ್ಸ್ ಮಾಡಿಸಿದರೆ ಇದಕ್ಕೆ ಸಿಗುತ್ತದಾ?

ಹಳೆ ಕಾಂಪೌಂಡರ್

ಆಪರೇಷನ್ ಸೇರಿರುವ ಪಾಲಿಸಿ ಆದರೆ ಸಿಗಬಹುದು. ಊಟ, ಇಂಜೆಕ್ಷನ್ ಸಾಮಾನ್ಯವಾಗಿ ಸೇರಿರುವುದಿಲ್ಲ. ಶುರುವಿನ ಕೆಲವು ದಿನ ಕಾಯಿಲೆಗೆ ಕ್ಲೇಮ್ ಇರುವುದಿಲ್ಲ, ವಯಸ್ಸಿನ ಮಿತಿ ಇರುತ್ತದೆ. ಇಂಜೆಕ್ಷನ್ ಕಾರ್ಡ್ ಸರಿ ಇಲ್ಲದಿದ್ದರೆ ತಡೆಯಬಹುದಾದ ಕಾಯಿಲೆಗೆ ದುಡ್ಡು ಕೊಡುವುದಿಲ್ಲ. ಪಾಲಿಸಿ ಕಾಗದ ಓದದೆ ನಾನು ಹೂಂ ಅನ್ನಲಾರೆ. ನಾನಾದರೆ ಪ್ಯಾಕೇಜ್‌ನಿಂದ ದೂರ ಇದ್ದು ಉಳಿಸಿದ ದುಡ್ಡು, 8,259ರಲ್ಲಿ ಆರು ಸಲದ ಫೀಸ್ 2,400 ಕಳೆದರೆ ಸುಮಾರು ಆರು ಸಾವಿರ, ಅದನ್ನು ನಾಯಿಯ ಹೆಸರಲ್ಲಿ ಪ್ರತಿ ವರ್ಷ ಬೇರೆ ಇಡುತ್ತೇನೆ.

ಲ್ಯಾಬ್ ರಾಣಿ

ಓಟೆ ಮೊದಲ ವರ್ಷವೇ ನುಂಗಿದರೆ? ಆರು ಸಾವಿರಕ್ಕೆ ಆಪರೇಷನ್ ಆಗುವುದಿಲ್ಲವಲ್ಲ. ಇದರಲ್ಲಿ ನಾನು ನಿಮ್ಮ ಮಾತು ಒಪ್ಪುವುದಿಲ್ಲ.

ಹಳೆ ಕಾಂಪೌಂಡರ್

ಒಪ್ಪಬೇಡಿ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕರಿಯನ ಮನೆ (ಮೈಸೂರು)

ಎಲ್ಲರಿಗೂ ಥ್ಯಾಂಕ್ಸ್. ಪ್ಯಾಕೇಜ್ ಬೇಡ ಅಂತ ಆಯ್ತು. ಇಪ್ಪತ್ತೊಂದು ಸಲ ಅಂದಾಗ ಯಜಮಾನರು ಸುಮ್ಮನಾದರು. ಇವತ್ತು ಬೆಳಗ್ಗೆ ಊಟ ತೂಗಿ ಹಾಕಿದೆ, ತಟ್ಟೆ ಖಾಲಿ ಮಾಡಿ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದ. ಅಷ್ಟರಲ್ಲಿ ಇವರು ಟೇಬಲ್ ಕೆಳಗಿಂದ ಅರ್ಧ ಚಪಾತಿ ಕೊಟ್ಟಿದ್ದು ಕಾಣಿಸಿತು. ಚಪಾತಿಗೆ ಎಷ್ಟು ಕ್ಯಾಲೊರಿ ಅಣ್ಣ?

ಪಪ್ಪಿ ಬೇಕು

ಶಿಟ್ಜು ಬಗ್ಗೆ ಯಾರೂ ಹೇಳಲಿಲ್ಲ 🙁